‘ಸಮುದ್ರ ಕರೆಯುತ್ತಿದೆ’ ಎಂದ ಪೋಸ್ಟ್
(ಉಡುಪಿಯಲ್ಲಿ ಹೋಟೆಲ್ ಮತ್ತು ಅಂಗಡಿ ಮಾಲೀಕರ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಶೆಡ್ಯೂಲ್ ಮಾಡುವುದು ಹೇಗೆ ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಭಾನುವಾರ ಕೂತು ವಾರಕ್ಕಾಗುವಷ್ಟು ಹಾಕಿಟ್ಟು ಮರೆತುಬಿಡುತ್ತೀರಿ. ಮರೆಯುವುದಕ್ಕೇ ಅಲ್ವಾ ಶೆಡ್ಯೂಲ್ ಮಾಡುವುದು? ಆದರೆ ಊರಲ್ಲಿ ದುರಂತವಾದ ದಿನ ಅವುಗಳನ್ನು ಏನು ಮಾಡಬೇಕು? ಅದರ ಬಗ್ಗೆ ಐದು ವಿಷಯ ಬರೆದುಕೊಂಡು ಬಂದಿದ್ದೇನೆ. ಎಷ್ಟು ಮುಗಿಯುತ್ತದೋ ನೋಡೋಣ.

ಮೊದಲು ನನ್ನದೇ ಎಡವಟ್ಟು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮಲ್ಪೆ ಕಡೆಯ ಒಂದು ಮೀನೂಟದ ಹೋಟೆಲಿನ ಪೇಜ್ ನಾನು ನೋಡಿಕೊಳ್ಳುತ್ತಿದ್ದೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗಸ್ಟ್‌ನಲ್ಲಿ ತಾಜಾ ಬಂಗುಡೆ ಬಂತು ಅಂದರೆ ನಮಗದು ಹಬ್ಬವೇ. ಹಾಗಾಗಿ ಹತ್ತು ದಿನ ಮೊದಲೇ ಒಂದು ಪೋಸ್ಟ್ ಬರೆದಿಟ್ಟಿದ್ದೆ: ‘ಸಮುದ್ರ ಕರೆಯುತ್ತಿದೆ, ಬನ್ನಿ!’ ಬರೆದಾಗ ನನಗೇ ತುಂಬಾ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ.

ಅವತ್ತು ಬೆಳಗಿನ ಜಾವ ಒಂದು ದೋಣಿ ಮಗುಚಿತು. ಮೂವರು ಈಜಿ ದಡ ಸೇರಿದರು, ಒಬ್ಬ ಸಿಗಲಿಲ್ಲ. ಮಧ್ಯಾಹ್ನ 12ಕ್ಕೆ ಸರಿಯಾಗಿ ನನ್ನ ಪೋಸ್ಟ್ ಹೋಯಿತು. ಸಮುದ್ರ ಕರೆಯುತ್ತಿದೆ, ಬನ್ನಿ. ಕೆಳಗೆ ಅಂಜಲ್ ತವಾ ಫ್ರೈ ಫೋಟೊ. ಮೊದಲ ಕಾಮೆಂಟ್ ಬಂದರಿನವರೊಬ್ಬರದು: ‘ಯಾರನ್ನು ಮಾರಾಯ್ರೆ?’

ಓಡಿಬಂದು ಅದನ್ನು ಅಳಿಸಿದೆ. Meta Business Suite ತೆರೆದು, Planner ಒಳಗೆ ಮುಂದಿನ ಒಂಬತ್ತು ಪೋಸ್ಟ್ ಒಂದೊಂದಾಗಿ ತೆಗೆದು Move to drafts ಒತ್ತಿದೆ. ಅಳಿಸಬೇಡಿ, ಡ್ರಾಫ್ಟ್‌ಗೆ ಹಾಕಿ. ಗಾಬರಿಯಲ್ಲಿ ಅಳಿಸಿದರೆ ಮತ್ತೆ ಬರೆಯಬೇಕಾದವರು ನಾವೇ. ಮುಗಿಯಿತು ಅಂದುಕೊಂಡು ಊಟಕ್ಕೆ ಕೂತೆ.

ನಾಲ್ಕು ಗಂಟೆಗೆ ಮಾಲೀಕರ ಫೋನ್. ‘ಎಂಥದಿದು, ಇನ್ನೂ ಬರ್ತಾ ಉಂಟಲ್ಲ?’ ಸ್ಕ್ರೀನ್‌ಶಾಟ್ ನೋಡಿದೆ. ಅದೇ ಫೋಟೊ, ಹೆಸರಿನ ಕೆಳಗೆ Sponsored ಅಂತ. ಎರಡು ದಿನದಿಂದ ಅದೇ ಫೋಟೊದ ಜಾಹೀರಾತು ಬೇರೆಯಾಗಿ ಓಡುತ್ತಿತ್ತು. Planner ಖಾಲಿ ಮಾಡಿದರೆ ಜಾಹೀರಾತು ನಿಲ್ಲುವುದಿಲ್ಲ. ಅದನ್ನು Ads Manager ಒಳಗೆ ಹೋಗಿ ಆಫ್ ಮಾಡಬೇಕು. ನಿಮ್ಮ ಪೇಜ್ ತೆರೆದು ನೋಡಿದರೆ ಇದು ಗೊತ್ತಾಗುವುದೂ ಇಲ್ಲ. ಅದು ಕಾಣುವುದು ಊರಿನವರ ಫೋನಿನಲ್ಲಿ. ಪೋಸ್ಟ್ ಬೇರೆ, ಜಾಹೀರಾತು ಬೇರೆ. ಇದನ್ನು ಇವತ್ತು ಇನ್ನೂ ಎರಡು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎರಡನೆಯದು, ಅಂಥ ದಿನ ಪೇಜ್‌ನಲ್ಲಿ ಎರಡು ಸಾಲು ಬರೆಯುವ ವಿಷಯ. ಮಾಲೀಕರು ಒಳ್ಳೆಯ ಮನಸ್ಸಿನವರು. ಸಂಜೆಗೆ ಅವರೇ ಒಂದು ಪೋಸ್ಟ್ ಮಾಡಿಸಿ ಕಳಿಸಿದರು. ಉರಿಯುವ ದೀಪ, ‘ಅಗಲಿದ ಮೀನುಗಾರನಿಗೆ ಭಾವಪೂರ್ಣ ಶ್ರದ್ಧಾಂಜಲಿ’, ಕೆಳಗೆ ಹೋಟೆಲಿನ ಲೋಗೊ, ಪಾರ್ಸೆಲ್‌ಗೆ ಫೋನ್ ನಂಬರ್! ಲೋಗೊ, ನಂಬರ್ ತೆಗೆಯುವುದು ಸುಲಭ. ದೊಡ್ಡ ತಪ್ಪು ಮೇಲಿನ ಸಾಲಿನಲ್ಲಿತ್ತು. ಆ ಹುಡುಗನನ್ನು ಇನ್ನೂ ಹುಡುಕುತ್ತಿದ್ದರು. ಮನೆಯವರು ದಡದಲ್ಲಿ ಕಾಯುತ್ತಿದ್ದರು. ಅಲ್ಲಿಗೆ ನಾವು ಶ್ರದ್ಧಾಂಜಲಿ ಕಳಿಸುವುದಾ?

ಕೊನೆಗೆ ಹಾಕಿದ್ದು ಇಷ್ಟೇ. ‘ಕಡಲಿಗೆ ಹೋದ ನಮ್ಮೂರಿನ ಮೀನುಗಾರರೊಬ್ಬರು ಇನ್ನೂ ಸಿಕ್ಕಿಲ್ಲ. ಅವರ ಮನೆಯವರ ಜೊತೆ ನಾವೂ ಕಾಯುತ್ತಿದ್ದೇವೆ. ಈ ವಾರದ ನಮ್ಮ ಮೀನು ಹಬ್ಬ ನಿಲ್ಲಿಸಿದ್ದೇವೆ.’ ಹೆಸರು ಹಾಕಲಿಲ್ಲ, ಮನೆಯವರನ್ನು ಕೇಳಿರಲಿಲ್ಲ. ಫೋಟೊ ಇಲ್ಲ, ಬರೀ ಅಕ್ಷರ. ಕಾರಣವನ್ನೂ ಬರೆಯಲಿಲ್ಲ. ಅಲೆಯೋ ಇಂಜಿನ್ನೋ ಅಂತ ನಮಗೇನು ಗೊತ್ತು? ಮೂರನೇ ಸಾಲು ಮಾತ್ರ ಬೇಕೇ ಬೇಕಿತ್ತು. ಟೇಬಲ್ ಬುಕ್ ಮಾಡಿದವರಿಗೆ ಗೊತ್ತಾಗಬೇಕಲ್ಲ.

ಎಲ್ಲರೂ ಹೀಗೆ ಬರೆಯಲೇಬೇಕು ಅಂತ ಅಲ್ಲ. ಆ ಹೋಟೆಲ್ ಮೀನು ತರುವುದು ಅದೇ ಬಂದರಿನಿಂದ, ಹಾಗಾಗಿ ಬರೆದದ್ದು ಸರಿ. ಮಣಿಪಾಲದ ಮೊಬೈಲ್ ಕವರ್ ಅಂಗಡಿಯವರು ಸುಮ್ನೆ ಆಫರ್ ನಿಲ್ಲಿಸಿದರೆ ಸಾಕು. ಇಡೀ ಊರೇ ಅತ್ತ ದಿನ ಬೇರೆ. 2010ರ ಮೇ 22ರಂದು ಬಜ್ಪೆಯಲ್ಲಿ ವಿಮಾನ ಬಿದ್ದು 158 ಜನ ಹೋದರಲ್ಲ, ಅಂಥ ದಿನ ಯಾರು ಎರಡು ಸಾಲು ಬರೆದರೂ ಅತಿ ಅನ್ನಿಸುವುದಿಲ್ಲ.

ಚೀಟಿ ಬಂತು, ಐದು ನಿಮಿಷವಂತೆ. ಮೂರನೆಯದು, ನಾಲ್ಕನೆಯದು ಒಟ್ಟಿಗೇ ಹೇಳಿಬಿಡುತ್ತೇನೆ. ಮತ್ತೆ ಶುರು ಮಾಡುವಾಗ ಡ್ರಾಫ್ಟ್‌ಗಳನ್ನು ಒಂದೊಂದಾಗಿ ಓದಿ. ನನ್ನ ಒಂಬತ್ತರಲ್ಲಿ ಎರಡು ‘ಇವತ್ತೇ ಕೊನೆ ದಿನ’ ಅನ್ನುತ್ತಿದ್ದವು, ಆ ದಿನ ಎಂದೋ ಕಳೆದಿತ್ತು. ಒಂದರಲ್ಲಿ ‘ಅಲೆಗಳ ಮೇಲೆ ತೇಲಿ ಬಂದ ರುಚಿ’ ಅಂತ ಇತ್ತು, ಅದನ್ನು ಆ ವರ್ಷ ಹಾಕಲೇ ಇಲ್ಲ. ಜಾಹೀರಾತಿಗೆ ಕೊನೆಯ ದಿನ ಮತ್ತು ಒಟ್ಟು ಹಣ ಎರಡೂ ನಿಗದಿ ಮಾಡಿದ್ದರೆ ಮರಳಿ ಆನ್ ಮಾಡುವ ಮುಂಚೆ ದಿನಾಂಕ ಮುಂದೆ ಹಾಕಿ. ಇಲ್ಲದಿದ್ದರೆ ಉಳಿದ ಹಣವನ್ನೆಲ್ಲ ಉಳಿದ ಒಂದೆರಡು ದಿನದಲ್ಲೇ ಖರ್ಚು ಮಾಡಲು ನೋಡುತ್ತದೆ. ಪೋಸ್ಟ್ ಬೇರೆ, ಜಾಹೀರಾತು ಬೇರೆ. ಎರಡನೇ ಸಲ ಆಯಿತು.

ಐದನೆಯದು ಸ್ವಯಂ ಉತ್ತರ. ಅವತ್ತು ಆ ಮೂರು ಸಾಲು ಓದಿದ ಒಬ್ಬ ಅಮ್ಮ ಪೇಜ್‌ಗೆ ಮೆಸೇಜ್ ಮಾಡಿದ್ದರು: ‘ಹುಡುಗ ಸಿಕ್ಕಿದನಾ?’ ತಕ್ಷಣ ನಮ್ಮ ಕಡೆಯಿಂದ ಉತ್ತರ ಹೋಗಿತ್ತು: ‘ನಮಸ್ಕಾರ! ಇವತ್ತಿನ ಸ್ಪೆಷಲ್ ಅಂಜಲ್ ತವಾ ಫ್ರೈ!’ ಅದು ಇರುವುದು Inbox ಒಳಗಿನ Automations ಎಂಬಲ್ಲಿ. ನಾನು ಅಲ್ಲಿಗೆ ಹೋದದ್ದು ರಾತ್ರಿ ಹತ್ತಕ್ಕೆ. ಅಷ್ಟರಲ್ಲಿ ಇನ್ನೂ ಹನ್ನೊಂದು ಜನ ಅದನ್ನೇ ಕೇಳಿದ್ದರು.