ಆದೇಶದ ಉದ್ದ ವಾಕ್ಯವನ್ನು ಎಲ್ಲಿ ಕತ್ತರಿಸಬೇಕು?

ಕೇಳುಗರಿಗೆ ನಮಸ್ಕಾರ. ಸರ್ಕಾರಿ ಆದೇಶದ ಉದ್ದ ವಾಕ್ಯವನ್ನು ಜನರಿಗೆ ಅರ್ಥವಾಗುವಂತೆ ಎಲ್ಲಿ ಕತ್ತರಿಸಬೇಕು ಎಂಬುದು ಇವತ್ತಿನ ಮಾತು. ಮಳೆಗಾಲದ ಮೀನುಗಾರಿಕೆ ನಿಷೇಧ ಮಲ್ಪೆ, ಮಂಗಳೂರಿನವರಿಗೆ ಹೊಸತಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಒಟ್ಟು 61 ದಿನ. ಆ ಆದೇಶ ಹೇಗಿರುತ್ತದೆ ಎಂದು ತೋರಿಸಲು ನಾನೇ ಒಂದು ಮಾದರಿ ವಾಕ್ಯ ಬರೆದಿದ್ದೇನೆ. ಸ್ವಲ್ಪ ಉಸಿರು ಹಿಡಿದು ಕೇಳಿ.

"ಮೀನುಗಳ ಸಂತಾನೋತ್ಪತ್ತಿ ಕಾಲವೆಂದು ಪರಿಗಣಿಸಿ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಯನ್ನು ನಿಷೇಧಿಸಿ, 10 ಅಶ್ವಶಕ್ತಿವರೆಗಿನ ಮೋಟಾರಿನ ನಾಡದೋಣಿಗಳಿಗೆ, ಮೀನು ಸೆಳೆಯಲು ಬೆಳಕು ಬಳಸಬಾರದೆಂಬ ಷರತ್ತಿಗೊಳಪಟ್ಟು ವಿನಾಯಿತಿ ನೀಡಿ, ಉಲ್ಲಂಘಿಸಿದವರ ಮೇಲೆ ಕ್ರಮ ಕೈಗೊಳ್ಳಲು ಅಧಿಕಾರಿಗಳಿಗೆ ಸೂಚಿಸಿ ಆದೇಶಿಸಿದೆ."

ಉದ್ದವೇನೋ ಹೌದು. ಆದರೆ ಉದ್ದ ಇದೆ ಎಂದು ಸುಮ್ನೆ ಕತ್ತರಿ ಹಾಕಬಾರದು ಮಾರಾಯ್ರೆ. ಇಪ್ಪತ್ತು ತಾಲ್ಲೂಕುಗಳ ಹೆಸರು ಹೇಳಿ ಕೊನೆಗೆ ಒಂದೇ ಕ್ರಿಯಾಪದ ಬಂದರೆ ಯಾರಿಗೂ ಗೊಂದಲ ಆಗುವುದಿಲ್ಲ. ಅದನ್ನು ಹಾಗೇ ಬಿಡಿ. ನೋಡಬೇಕಾದದ್ದು ಅದರಲ್ಲಿ ಎಷ್ಟು ಅಪ್ಪಣೆಗಳಿವೆ, ಅವು ಯಾರಿಗೆ ಎಂಬುದನ್ನು.

ನಮ್ಮ ವಾಕ್ಯದಲ್ಲಿ ಪರಿಗಣಿಸಿ, ನಿಷೇಧಿಸಿ, ನೀಡಿ, ಸೂಚಿಸಿ ಎಂಬ ನಾಲ್ಕು ಕ್ರಿಯಾಪದಗಳು ಕೊನೆಯ "ಆದೇಶಿಸಿದೆ"ಗಾಗಿ ಕಾಯುತ್ತಿವೆ. ಮೊದಲನೆಯದು ಬರೀ ಕಾರಣ. ಉಳಿದ ಮೂರು ಮಾತ್ರ ಬೇರೆ ಬೇರೆಯವರಿಗೆ: ಬೋಟಿನವರಿಗೆ, ನಾಡದೋಣಿಯವರಿಗೆ, ಅಧಿಕಾರಿಗಳಿಗೆ. ಹಾಗಾಗಿ "ನಿಷೇಧಿಸಿದೆ" ಎಂದಾಗ ಒಂದು ಪೂರ್ಣವಿರಾಮ, ವಿನಾಯಿತಿ ಮುಗಿದಾಗ ಇನ್ನೊಂದು.

ಷರತ್ತಿನ ಹತ್ತಿರ ಮಾತ್ರ ಕತ್ತರಿ ಬೇಡ. "ನಾಡದೋಣಿಗಳಿಗೆ ವಿನಾಯಿತಿ ಇದೆ. ಆದರೆ ಬೆಳಕು ಬಳಸಬಾರದು" ಎಂದು ಬರೆದರೆ ಓದಲು ಸಲೀಸು. ಆದರೆ ಮೊದಲ ವಾಕ್ಯವಷ್ಟೇ ಮೊಬೈಲಿಂದ ಮೊಬೈಲಿಗೆ ಹೋಗುತ್ತದೆ, ಅಲ್ವಾ? ಕತ್ತರಿಸಿದ ತುಂಡೊಂದನ್ನೇ ಓದಿ ನೋಡಿ. ಅದನ್ನೇ ನಂಬಿ ನಡೆದವನಿಗೆ ದಂಡ ಬೀಳುವಂತಿದ್ದರೆ ಕತ್ತರಿಸಿದ ಜಾಗ ತಪ್ಪು. "ಬೆಳಕು ಬಳಸದೆ ಮೀನು ಹಿಡಿಯುವ, 10 ಅಶ್ವಶಕ್ತಿವರೆಗಿನ ಮೋಟಾರಿನ ನಾಡದೋಣಿಗಳಿಗೆ ಈ ಅವಧಿಯಲ್ಲಿ ವಿನಾಯಿತಿ ಇದೆ" ಎನ್ನಿ. "ಈ ಅವಧಿಯಲ್ಲಿ" ಎಂದು ಸೇರಿಸಿದ್ದೂ ಬೇಕೆಂದೇ. ಒಂದೇ ವಾಕ್ಯದಲ್ಲಿದ್ದಾಗ ದಿನಾಂಕ ಎಲ್ಲಕ್ಕೂ ಅನ್ವಯಿಸುತ್ತಿತ್ತು. ಬೇರೆ ಮಾಡಿದ ಮೇಲೆ ಮತ್ತೆ ಹೇಳಲೇಬೇಕು.

ಜಾಸ್ತಿ ತೊಡಕಿರುವುದು "ಉಲ್ಲಂಘಿಸಿದವರ" ಹತ್ತಿರ. ಏನನ್ನು ಉಲ್ಲಂಘಿಸಿದವರು? ನಿಷೇಧವನ್ನೋ, ಬೆಳಕಿನ ಷರತ್ತನ್ನೋ, ಎರಡನ್ನೂ ಸೇರಿಯೋ? ಉದ್ದ ವಾಕ್ಯದಲ್ಲಿ ಇದು ಮುಚ್ಚಿಹೋಗಿತ್ತು. ಬೇರೆ ಮಾಡಿದ ಕೂಡಲೇ ಯಾವುದಾದರೊಂದನ್ನು ಆರಿಸಲೇಬೇಕು. ಆರಿಸುವುದು ನಮ್ಮ ಕೆಲಸವಲ್ಲ. ಕರಡಿನ ಹಂತದಲ್ಲಿದ್ದರೆ ಬರೆದವರನ್ನು ಕೇಳಿ, ಬಿಡಿಸಿ ಬರೆಯಿಸಿ. ಸಹಿ ಬಿದ್ದಿದ್ದರೆ ಆದೇಶವನ್ನು ಮುಟ್ಟಬೇಡಿ. ಜನರಿಗೆ ಕೊಡುವ ಸರಳ ಪ್ರತಿಯಲ್ಲಿ ಆ ಒಂದು ಸಾಲನ್ನು ಇದ್ದ ಹಾಗೇ ಇಟ್ಟು, ಇಲಾಖೆಯಿಂದ ಸ್ಪಷ್ಟೀಕರಣ ತರಿಸಿಕೊಳ್ಳಿ.