ಚಪಾತಿ ಗಟ್ಟಿಯಾಗೋದು ತವಾ ಮೇಲಲ್ಲ, ಕಲಸೋ ಬಟ್ಟಲಲ್ಲಿ

ನಮಸ್ಕಾರ. ಹೋದ ತಿಂಗಳು ನನ್ನ ಅಕ್ಕನ ಮಗಳು ಫೋನ್ ಮಾಡಿದ್ಲು. "ಚಿಕ್ಕಮ್ಮಾ, ಬೆಳಿಗ್ಗೆ ಮಾಡಿದ ಚಪಾತಿ ಮಧ್ಯಾಹ್ನ ಡಬ್ಬಿ ತೆಗೆಯೋ ಹೊತ್ತಿಗೆ ರಟ್ಟಿನ ಹಾಗಿರುತ್ತೆ. ಎಣ್ಣೆ ಜಾಸ್ತಿ ಹಾಕಿದೆ, ಹಾಲಲ್ಲಿ ಕಲಸಿದೆ, ಏನೂ ಆಗ್ಲಿಲ್ಲ" ಅಂದ್ಲು. ನಾನು ಅವಳಿಗೆ ಒಂದೇ ಪ್ರಶ್ನೆ ಕೇಳಿದೆ: ಕಲಸುವಾಗ ಹಿಟ್ಟು ಕೈಗೆ ಅಂಟಿದ್ರೆ ಏನು ಮಾಡ್ತೀಯಾ? "ಇನ್ನೊಂದು ಹಿಡಿ ಹಿಟ್ಟು ಹಾಕ್ತೀನಿ" ಅಂದ್ಲು.

ಚಪಾತಿ ಗಟ್ಟಿಯಾಗೋದು ಆ ಒಂದು ಹಿಡಿಯಿಂದಲೇ. ಅವಳೊಬ್ಬಳೇ ಅಲ್ಲ, ಅಂಟುತ್ತೆ ಅಂತ ಹಿಟ್ಟು ಸೇರಿಸೋ ಅಭ್ಯಾಸ ತುಂಬಾ ಜನಕ್ಕಿದೆ. ಅದನ್ನ ಬಿಡೋವರೆಗೂ ಎಣ್ಣೆ, ಹಾಲು, ಮೊಸರು ಏನು ಹಾಕಿದ್ರೂ ಮೂಲ ತಪ್ಪು ಹಾಗೇ ಉಳಿಯುತ್ತೆ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಅವಳ ಲೆಕ್ಕವನ್ನೇ ನೋಡಿ. ಎರಡು ಕಪ್ ಹಿಟ್ಟು, ಅಂದ್ರೆ ಸುಮಾರು 250 ಗ್ರಾಂ. ಅಳತೆ ಮಾಡಿಸಿದಾಗ ಅವಳು ಹಾಕ್ತಾ ಇದ್ದ ನೀರು 130 ಮಿಲಿ. ಹತ್ತು ಉಂಡೆ ಮಾಡಿದ್ರೆ ಪ್ರತಿ ಉಂಡೆಯಲ್ಲಿ 25 ಗ್ರಾಂ ಹಿಟ್ಟು, 13 ಗ್ರಾಂ ನೀರು. ಅದೇ ಹಿಟ್ಟಿಗೆ 170 ಮಿಲಿ ಹಾಕಿದ್ರೆ ಉಂಡೆಗೆ 17 ಗ್ರಾಂ. ನಾಲ್ಕೇ ಗ್ರಾಂ ವ್ಯತ್ಯಾಸ ಅನ್ನಿಸಬಹುದು. ಈಗ ತವಾ ಮೇಲೆ ಎರಡರಿಂದಲೂ ಆರಾರು ಗ್ರಾಂ ಆವಿಯಾಗಿ ಹೋಯ್ತು ಅಂತ ಇಟ್ಕೊಳ್ಳಿ. ಒಂದರಲ್ಲಿ ಉಳಿದಿದ್ದು ಏಳು, ಇನ್ನೊಂದರಲ್ಲಿ ಹನ್ನೊಂದು. ಕಲಸುವಾಗ ಸಣ್ಣದಾಗಿ ಕಂಡ ವ್ಯತ್ಯಾಸ ಬೆಂದಮೇಲೆ ಆ ಏಳು ಗ್ರಾಂನ ಅರ್ಧಕ್ಕಿಂತ ಹೆಚ್ಚಾಯ್ತು ನೋಡಿ. ಮಧ್ಯಾಹ್ನದವರೆಗೂ ಚಪಾತಿಯನ್ನ ಕಾಪಾಡೋದು ಹೀಗೆ ಉಳಿದ ನೀರೇ.

ಹಾಗಾದ್ರೆ ನೀರು ಜಾಸ್ತಿ ಹಾಕಿದ್ರೆ ಮುಗೀತಾ? ಇಲ್ಲ. ನಾನು ಅವಳಿಗೆ ದಿನಕ್ಕೆ ಒಂದೇ ಒಂದು ಬದಲಾವಣೆ ಮಾಡು ಅಂದೆ. ಮೊದಲ ದಿನ ನೀರು ಅದೇ 130, ಆದ್ರೆ ಹಿಟ್ಟನ್ನ ಅರ್ಧ ಗಂಟೆ ಮುಚ್ಚಿಟ್ಳು. ಲಟ್ಟಿಸೋಕೆ ಸ್ವಲ್ಪ ಸುಲಭ ಆಯ್ತು, ಮಧ್ಯಾಹ್ನಕ್ಕೆ ಮತ್ತೆ ರಟ್ಟು. ಇಲ್ಲದ ನೀರನ್ನ ಕಾಯೋದ್ರಿಂದ ತರೋಕಾಗಲ್ಲ. ಎರಡನೇ ದಿನ 170 ಮಿಲಿ ಹಾಕಿದ್ಲು, ಕಾಯಲಿಲ್ಲ. ಲಟ್ಟಣಿಗೆಗೂ ಮಣೆಗೂ ಅಂಟಿ, ಪ್ರತಿ ಚಪಾತಿಗೆ ಎರಡು ಸಲ ಒಣಹಿಟ್ಟು ಉದುರಿಸಬೇಕಾಯ್ತು. ಆ ಒಣಹಿಟ್ಟು ನೆನೆಯದೆ ತವಾ ಮೇಲೆ ಸುಟ್ಟು, ಚಪಾತಿಯ ಮೇಲ್ಮೈ ಒಣಗಿ ಒರಟಾಯ್ತು. ಮೂರನೇ ದಿನ 170 ಮಿಲಿ, ಅರ್ಧ ಗಂಟೆ ಕಾಯೋದು, ಎರಡೂ ಸೇರಿದ್ವು. ಅವತ್ತು ಡಬ್ಬಿಯಲ್ಲಿದ್ದ ಚಪಾತಿ ಸುರುಳಿ ಸುತ್ತಿದ್ರೂ ಮುರೀಲಿಲ್ಲ.

ಆ ಅರ್ಧ ಗಂಟೆಯಲ್ಲಿ ಎರಡು ಕೆಲಸ ನಡೆಯುತ್ತೆ. ಗೋಧಿ ಹಿಟ್ಟಿನಲ್ಲಿ ಬಿಳಿ ಭಾಗದ ಜೊತೆ ತೌಡೂ ಇದೆ. ತೌಡು ನೀರನ್ನ ತುಂಬಾ ಹೀರುತ್ತೆ, ಆದ್ರೆ ನಿಧಾನವಾಗಿ ಹೀರುತ್ತೆ. ಕಲಸಿದ ತಕ್ಷಣ ಕೈಗೆ ಅಂಟೋ ನೀರು ಇನ್ನೂ ಒಳಗೆ ಹೋಗದ ನೀರು. ಇಪ್ಪತ್ತು ನಿಮಿಷ ಬಿಟ್ಟು ಮುಟ್ಟಿ ನೋಡಿ, ಅದೇ ಹಿಟ್ಟು ಬಹುಮಟ್ಟಿಗೆ ಅಂಟು ಬಿಟ್ಟಿರುತ್ತೆ. ಅಂಟುತ್ತೆ ಅಂತ ಗಾಬರಿಯಾಗಿ ಹಿಟ್ಟು ಹಾಕಿದ್ರೆ, ತೌಡಿಗೆ ಬೇಕಾದ ನೀರನ್ನ ನಾವೇ ಕಿತ್ಕೊಂಡ ಹಾಗೆ. ಸರಿಯಾಗಿ ನೆನೆಯದ ತೌಡು ಆಮೇಲೂ ಸುತ್ತಲಿನ ನೀರನ್ನ ಎಳ್ಕೋತಾನೇ ಇರುತ್ತೆ. ಅದರ ಚೂಪಾದ ಚೂರುಗಳು ಹಿಟ್ಟಿನ ಎಳೆಗಳನ್ನೂ ಕತ್ತರಿಸುತ್ವೆ. ಲಟ್ಟಿಸುವಾಗ ಅಂಚು ಸೀಳುತ್ತಲ್ಲ, ನೀರು ಸಾಲದು ಅನ್ನೋದಕ್ಕೆ ಮೊದಲ ಗುರುತು ಅದೇ.

ಎರಡನೇ ಕೆಲಸ ಗ್ಲುಟೆನ್‌ನದ್ದು. ಗೋಧಿಯ ಪ್ರೋಟೀನ್ ನೀರು ಕುಡಿದು, ನಾದಿದಾಗ ಒಂದಕ್ಕೊಂದು ಹೆಣೆದುಕೊಂಡು ಬಲೆ ಆಗುತ್ತೆ. ಚಪಾತಿ ಉಬ್ಬುವಾಗ ಆವಿಯನ್ನ ಒಳಗೆ ಹಿಡಿದಿಡೋದು ಈ ಬಲೆ. ಆದ್ರೆ ನಾದಿದ ತಕ್ಷಣ ಅದು ಬಿಗಿಯಾಗಿರುತ್ತೆ. ಲಟ್ಟಿಸಿ ಕೈ ತೆಗೆದ ಕೂಡಲೇ ಚಪಾತಿ ಹಿಂದಕ್ಕೆ ಸರಿದು ಚಿಕ್ಕದಾಗುತ್ತೆ, ಅಂದ್ರೆ ದಪ್ಪ ಆಗುತ್ತೆ. ದಪ್ಪ ಆದ್ರೆ ಬೇಯೋಕೆ ಹೆಚ್ಚು ಹೊತ್ತು, ಹೆಚ್ಚು ಹೊತ್ತಾದ್ರೆ ಹೆಚ್ಚು ನೀರು ಹೋಗುತ್ತೆ. ಸುಮ್ಮನೆ ಬಿಟ್ಟರೆ ಆ ಬಲೆ ತಾನಾಗಿ ಸಡಿಲ ಆಗುತ್ತೆ.

ನಾದೋ ವಿಷಯದಲ್ಲಿ ನನಗೊಂದು ತಕರಾರಿದೆ. ಹದಿನೈದು ನಿಮಿಷ ಬಲ ಹಾಕಿ ನಾದಿದ್ರೇ ಮೆತ್ತಗೆ ಅಂತ ಹೇಳೋರಿದ್ದಾರೆ. ನೀರು ಹೀರದ ಹಿಟ್ಟನ್ನ ಎಷ್ಟು ನಾದಿದ್ರೂ ಕೈ ನೋವು ಬರುತ್ತೆ ಅಷ್ಟೇ. ನಾನು ಮಾಡೋದು ಹೀಗೆ: ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಿ, ಹತ್ತು ನಿಮಿಷ ಮುಚ್ಚಿಡ್ತೀನಿ. ಆಮೇಲೆ ಮೂರು ನಾಲ್ಕು ನಿಮಿಷ ನಾದ್ತೀನಿ. ಕಾಲು ಗಂಟೆ ನಾದಿದ್ದಕ್ಕಿಂತ ನುಣುಪಾಗಿ ಬರುತ್ತೆ, ಯಾಕಂದ್ರೆ ಅರ್ಧ ಕೆಲಸ ನೀರೇ ಮುಗಿಸಿರುತ್ತೆ. ನಾದಿದ ಮೇಲೆ ಒದ್ದೆ ಬಟ್ಟೆ ಮುಚ್ಚಿ ಇನ್ನು ಇಪ್ಪತ್ತು ಮೂವತ್ತು ನಿಮಿಷ. ಬೆರಳಿಂದ ಒತ್ತಿದ ಗುಳಿ ನಿಧಾನವಾಗಿ, ಅರ್ಧಂಬರ್ಧ ಮೇಲೆ ಬಂದ್ರೆ ಹದ ಆಯ್ತು. ಪುಟಕ್ಕನೆ ಎದ್ದು ನಿಂತ್ರೆ ಇನ್ನೂ ಬಿಗಿ ಇದೆ, ಕಾಯಿರಿ.

ಕಾಯೋದಕ್ಕೂ ಮಿತಿ ಇದೆ. ಹೊರಗೆ ಗಂಟೆಗಟ್ಟಲೆ ಬಿಟ್ಟರೆ ಹಿಟ್ಟು ಕಪ್ಪಾಗಿ, ಜೋಲಾಗಿ, ಹುಳಿ ವಾಸನೆ ಬರೋಕೆ ಶುರುವಾಗುತ್ತೆ.

ಇಷ್ಟೆಲ್ಲ ಸರಿ ಮಾಡಿ ತವಾ ಹತ್ರ ಕೆಡಿಸೋದೂ ಸುಲಭ. ಸುಟ್ಟುಹೋಗುತ್ತೆ ಅನ್ನೋ ಭಯಕ್ಕೆ ಉರಿ ಸಣ್ಣ ಮಾಡ್ತಾರೆ. ಸಣ್ಣ ಉರಿಯಲ್ಲಿ ಚಪಾತಿ ಬೇಯೋ ಬದಲು ಒಣಗುತ್ತೆ. ಕಾವಲಿ ಚೆನ್ನಾಗಿ ಕಾದಿರಲಿ, ಬೇಗ ಬೇಯಲಿ, ತೆಗೆದ ಕೂಡಲೇ ಬಟ್ಟೆಯಲ್ಲಿ ಸುತ್ತಿಡಿ.

ಇನ್ನೊಂದು ಮಾತು ಹೇಳಲೇಬೇಕು, ಯಾಕಂದ್ರೆ ಗಟ್ಟಿಯಲ್ಲೂ ಎರಡು ಬಗೆ ಇದೆ. ಹಪ್ಪಳದ ಹಾಗೆ ಮುರಿಯೋದು ನೀರು ಹೋದ ಗಟ್ಟಿ. ಮುರಿಯದೆ ಬಿರುಸಾಗಿ, ಅಗಿಯೋಕೆ ಕಷ್ಟ ಆಗೋದು ಬೇರೆ. ಬೆಂದಾಗ ನೀರು ಹೀರಿ ಉಬ್ಬಿದ್ದ ಪಿಷ್ಟ, ತಣ್ಣಗಾದ ಮೇಲೆ ಮತ್ತೆ ಒತ್ತಾಗಿ ಕೂತ್ಕೊಳ್ಳುತ್ತೆ. ನೀರು ಇದ್ದಷ್ಟೇ ಇದ್ರೂ ಚಪಾತಿ ಗಟ್ಟಿ ಅನ್ನಿಸುತ್ತೆ. ಫ್ರಿಜ್‌ನ ತಂಪಲ್ಲಿ ಇದು ಇನ್ನೂ ಬೇಗ ಆಗುತ್ತೆ. ಈ ಗಟ್ಟಿಗೆ ಮದ್ದಿದೆ: ನಾಲ್ಕು ಹನಿ ನೀರು ಚಿಮುಕಿಸಿ, ಬಿಸಿ ಕಾವಲಿ ಮೇಲೆ ಅರ್ಧ ನಿಮಿಷ ಹಾಕಿದ್ರೆ ಬಹುಮಟ್ಟಿಗೆ ಮೊದಲಿನ ಹಾಗಾಗುತ್ತೆ, ಬಿಸಿ ಇರೋವಾಗಲೇ ತಿಂದುಬಿಡಬೇಕು. ಹಪ್ಪಳ ಆಗಿದ್ದಕ್ಕೆ ಇದೂ ಅಷ್ಟು ನಾಟಲ್ಲ.

ಮೊನ್ನೆ ಅವಳು ಮತ್ತೆ ಫೋನ್ ಮಾಡಿದ್ಲು. ಹೊಸ ಹಿಟ್ಟು ತಂದಿದ್ಲಂತೆ, 170 ಮಿಲಿಗೆ ತೀರಾ ತೆಳ್ಳಗಾಯ್ತಂತೆ. ನುಣ್ಣಗಿನ, ತೌಡು ಕಡಿಮೆ ಇರೋ ಹಿಟ್ಟು ಅಷ್ಟು ನೀರು ಕುಡಿಯಲ್ಲ, ಒರಟು ಹಿಟ್ಟು ಇನ್ನೂ ಹೆಚ್ಚು ಕೇಳುತ್ತೆ. ಹಾಗಾಗಿ ಈಗ ಅವಳು ಮೊದಲು 150 ಹಾಕಿ ಕಲಸಿ, ಹತ್ತು ನಿಮಿಷ ಬಿಟ್ಟು, ಮುಟ್ಟಿ ನೋಡಿ, ಬೇಕಾದ್ರೆ ಉಳಿದದ್ದನ್ನ ಚಮಚದಲ್ಲಿ ಸೇರಿಸ್ತಾಳೆ. ಒಣಹಿಟ್ಟಿನ ಡಬ್ಬಿಯನ್ನ ಮಾತ್ರ ಕಲಸಿ ಮುಗಿಯೋವರೆಗೂ ಕೈಗೆ ಸಿಗದ ಹಾಗೆ ಮೇಲಿಟ್ಟಿದ್ದಾಳೆ.