ಕ್ಲಿನಿಕ್‌ಗೆ ರಿಸೆಪ್ಷನಿಸ್ಟ್ ಬೇಕು: ಜಾಹೀರಾತಿನಲ್ಲಿ ಏನು ಬರೆಯಬೇಕು?

[ಪರದೆ ಮೇಲೆ: "ರಿಸೆಪ್ಷನಿಸ್ಟ್ ಬೇಕು. ಲೇಡೀಸ್ ಮಾತ್ರ. ಚುರುಕಾಗಿರಬೇಕು. ಗೌಪ್ಯತೆ ಕಾಪಾಡಬೇಕು."]

ನಮಸ್ಕಾರ. ಡೊಂಬಿವಲಿ, ಮುಲುಂಡ್, ಠಾಣೆ ಕಡೆಯ ನಮ್ಮ ಕನ್ನಡದವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಜಾಹೀರಾತು ನೋಡಿರುತ್ತೀರಿ. ಕೆಲಸ ಎಷ್ಟು ಗಂಟೆಗೆ ಶುರು ಅನ್ನೋದೇ ಇದರಲ್ಲಿಲ್ಲ. ಇನ್ನು ಗೌಪ್ಯತೆ ಅಂದರೆ ಕೌಂಟರ್‌ನಲ್ಲಿ ಕೂತವರು ಏನು ಮಾಡಬೇಕು? ಅದನ್ನೂ ಹೇಳಿಲ್ಲ.

ಇದನ್ನೇ ಸರಿಯಾಗಿ ಬರೆಯೋಣ. ಡೊಂಬಿವಲಿ ಪೂರ್ವದಲ್ಲಿ ಒಂದು ಚಿಕ್ಕ ಕ್ಲಿನಿಕ್ ಇದೆ ಅಂದುಕೊಳ್ಳಿ. ಬೆಳಿಗ್ಗೆ ಜನರಲ್ ಡಾಕ್ಟರು ನೋಡುತ್ತಾರೆ. ಸಂಜೆ ಅವರ ಹೆಂಡತಿ, ಅವರು ಸ್ತ್ರೀರೋಗ ತಜ್ಞೆ.

[ಪರದೆ ಮೇಲೆ: "ಬೆಳಿಗ್ಗೆ 9.30ರಿಂದ 1.30, ಸಂಜೆ 5.30ರಿಂದ 9. ಭಾನುವಾರ ರಜೆ. ಹತ್ತಿರ ವಾಸವಿರುವವರಿಗೆ ಆದ್ಯತೆ."]

ಮಧ್ಯದಲ್ಲಿ ನಾಲ್ಕು ಗಂಟೆ ಬಿಡುವು. ಅಂಬರ್‌ನಾಥ್‌ನಿಂದ ಲೋಕಲ್ ಹಿಡಿದು ಬರುವವರು ಆ ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕು? ಅದಕ್ಕೇ ಇದನ್ನು ಮೊದಲೇ ಹೇಳಿಬಿಡಿ. ಸಂಬಳವನ್ನೂ ಬರೆಯಿರಿ. "ಯೋಗ್ಯತೆಗೆ ತಕ್ಕಂತೆ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

"ಲೇಡೀಸ್ ಮಾತ್ರ" ಯಾಕೆ? ಪುರುಷ ಡಾಕ್ಟರು ಹೆಂಗಸರನ್ನು ಪರೀಕ್ಷೆ ಮಾಡುವಾಗ ಜೊತೆಗೆ ನಿಲ್ಲಲು ಅಂತಾದರೆ, ಅದನ್ನೇ ಕೆಲಸ ಅಂತ ಬರೆಯಿರಿ. ಬರೀ ಫೋನ್ ಎತ್ತಲು, ಹಣ ತೆಗೆದುಕೊಳ್ಳಲು ಗಂಡಸರಾದರೇನು?

ಭಾಷೆ ವಿಷಯಕ್ಕೆ ಬಂದರೆ, ಮರಾಠಿ, ಹಿಂದಿ ಸಲೀಸಾಗಿ ಬರಬೇಕು. ಇಂಗ್ಲಿಷ್ ಓದಲು ಬರಬೇಕು, ರಿಪೋರ್ಟ್ ಎಲ್ಲ ಅದರಲ್ಲೇ ಇರುತ್ತವಲ್ಲ. ಕನ್ನಡ ಬಂದರೆ ಇನ್ನೂ ಒಳ್ಳೆಯದು.

ಕಂಪ್ಯೂಟರ್ ಬರಬೇಕು ಅಂದರೆ ಸಾಲದು. ಒಂದೇ ಮೊಬೈಲ್ ನಂಬರ್‌ನಲ್ಲಿ ಇಡೀ ಮನೆಯವರ ಹೆಸರು ಇರುತ್ತದೆ. ಒಂದೇ ಹೆಸರಿನ ಇಬ್ಬರು ಶೆಟ್ಟರು ಒಂದೇ ದಿನ ಬರುತ್ತಾರೆ. ಹಾಗಾಗಿ ಹೀಗೆ ಬರೆಯಿರಿ: "ಕೇಸ್ ಪೇಪರ್ ತೆಗೆಯುವ ಮುಂಚೆ, ರಿಪೋರ್ಟ್ ಕೊಡುವ ಮುಂಚೆ ಪೂರ್ತಿ ಹೆಸರು, ಹುಟ್ಟಿದ ತಾರೀಖು ಎರಡನ್ನೂ ಕೇಳಬೇಕು." ಒಬ್ಬರ ರಿಪೋರ್ಟ್ ಇನ್ನೊಬ್ಬರ ಕೈಗೆ ಹೋಗುವುದು ಜಾಸ್ತಿ ಇಲ್ಲೇ.

ಈಗ ಗೌಪ್ಯತೆ. ಸಂಜೆ ಏಳಕ್ಕೆ ಫೋನ್ ಬರುತ್ತದೆ. "ನಾನು ಅವಳ ಅತ್ತೆ ಮಾತಾಡೋದು. ನಮ್ಮ ಸೊಸೆ ಅಲ್ಲಿಗೆ ಬಂದಿದ್ದಳಾ?" ದನಿಯಲ್ಲಿ ಕಾಳಜಿ ಇದೆ. ನಮ್ಮವರೇ, ಸಂಘದ ಕಾರ್ಯಕ್ರಮದಲ್ಲಿ ಸಿಗುವವರು. "ಹೂಂ ಆಂಟಿ, ಈಗಷ್ಟೇ ಹೋದರು" ಅಂದರೆ ಏನಾಯಿತು? ಕಾಯಿಲೆ ಹೆಸರು ಹೇಳಲೇ ಇಲ್ಲ. ಆದರೆ ಸಂಜೆ ಕೂರುವವರು ಸ್ತ್ರೀರೋಗ ತಜ್ಞೆ. ಬಂದಿದ್ದರು ಅಂದರೇ ಅರ್ಧ ವಿಷಯ ಹೇಳಿದ ಹಾಗೆ.

"ಬಂದಿಲ್ಲ" ಅಂತ ಸುಳ್ಳು ಹೇಳುವುದೂ ಬೇಡ. ಬರದಿದ್ದಾಗ "ಬಂದಿಲ್ಲ", ಬಂದಾಗ "ಹೇಳೋಕಾಗಲ್ಲ" ಅಂತ ಉತ್ತರ ಬದಲಾದರೆ ಕೇಳುವವರಿಗೆ ಗುಟ್ಟು ಗೊತ್ತಾಗುತ್ತದೆ. ಬಂದಿರಲಿ ಬಿಡಲಿ, ಕೇಳಿದವರು ಯಾರೇ ಆಗಿರಲಿ, ಒಂದೇ ಉತ್ತರ.

[ಪರದೆ ಮೇಲೆ: "ಆಂಟಿ, ಯಾರು ಬಂದಿದ್ದರು ಅಂತ ನಾವು ಫೋನಿನಲ್ಲಿ ಯಾರಿಗೂ ಹೇಳುವುದಿಲ್ಲ. ಅವರನ್ನೇ ಕೇಳಿ."]

ಇದು ಬರೀ ಒಳ್ಳೆಯ ನಡತೆಯ ಮಾತಲ್ಲ. ಡಾಕ್ಟರರ ನಡವಳಿಕೆ ಕುರಿತ 2002ರ ನಿಯಮಗಳಲ್ಲಿ ರೋಗಿಯ ಗುಟ್ಟು ಹೊರಹಾಕಬಾರದು ಅಂತಿದೆ. ನ್ಯಾಯಾಲಯದ ಆದೇಶ, ಬೇರೆಯವರಿಗೆ ಗಂಭೀರ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ, ಇಂಥವು ಮಾತ್ರ ಹೊರತು. ಗರ್ಭಪಾತದ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. 2021ರ ತಿದ್ದುಪಡಿ ಪ್ರಕಾರ ಆ ಮಹಿಳೆಯ ಹೆಸರು, ವಿವರವನ್ನು ಡಾಕ್ಟರು ಬಹಿರಂಗಪಡಿಸಿದರೆ ಒಂದು ವರ್ಷದವರೆಗೆ ಜೈಲಾಗಬಹುದು. ನೋಡಿ, ಎರಡರಲ್ಲೂ ಹೊಣೆ ಡಾಕ್ಟರರ ಮೇಲೆ. ಬಾಯಿ ಜಾರುವುದು ಮಾತ್ರ ಕೌಂಟರ್‌ನಲ್ಲಿ. ಅದಕ್ಕೇ ಸೇರುವ ದಿನವೇ ಒಪ್ಪಂದಕ್ಕೆ ಸಹಿ ಹಾಕಿಸಿ. ಕೆಲಸ ಬಿಟ್ಟ ಮೇಲೂ ಇದು ಅನ್ವಯ ಅಂತ ಅದರಲ್ಲಿರಲಿ.

ಉಳಿದದ್ದು ಸಣ್ಣ ಸಣ್ಣ ವಿಷಯ. "ಏನ್ರೀ ತೊಂದರೆ?" ಅಂತ ಎಲ್ಲರ ಮುಂದೆ ಕೇಳಬೇಡಿ, ಚೀಟಿಯಲ್ಲಿ ಬರೆಸಿಕೊಳ್ಳಿ. ರಿಜಿಸ್ಟರ್ ತೆರೆದು ಬಿಟ್ಟು ಚಹಾಕ್ಕೆ ಹೋಗಬೇಡಿ. ರಿಪೋರ್ಟ್‌ಗಳ ಫೋಟೋ ಸ್ವಂತ ಮೊಬೈಲ್‌ನಲ್ಲಿ ಬೇಡವೇ ಬೇಡ, ಕ್ಲಿನಿಕ್ ಫೋನ್ ಇರಲಿ. ಪೊಲೀಸರು ಬಂದರೆ ಡಾಕ್ಟರನ್ನು ಕರೆಯಿರಿ, ಫೈಲ್ ನೀವೇ ಕೊಡಬೇಡಿ.

ಹಾಗಂತ ರೋಗಿಗೇ ಅವರ ದಾಖಲೆ ಕೊಡದೆ ಸತಾಯಿಸುವಂತಿಲ್ಲ. ಅವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಅದೇ 2002ರ ನಿಯಮಗಳು ಹೇಳುತ್ತವೆ. ಬಂದ ಕೋರಿಕೆಗೆ ತಾರೀಖು ಹಾಕಿ ಡಾಕ್ಟರಿಗೆ ಮುಟ್ಟಿಸುವುದೂ ರಿಸೆಪ್ಷನಿಸ್ಟ್ ಕೆಲಸವೇ, ಜಾಹೀರಾತಿನಲ್ಲಿ ಸೇರಿಸಿ.

ಸಂದರ್ಶನದಲ್ಲಿ "ಗುಟ್ಟು ಕಾಪಾಡುತ್ತೀರಾ?" ಅಂದರೆ ಎಲ್ಲರೂ ಹೌದು ಅನ್ನುತ್ತಾರೆ. ಅದರ ಬದಲು ಪಕ್ಕದ ಕೋಣೆಯಿಂದ ಯಾರಾದರೂ ಅತ್ತೆಯಾಗಿ ಫೋನ್ ಮಾಡಲಿ. ಮೊದಲ ಸಲ ಬೇಡ ಅಂದಮೇಲೆ ಬಿಡಬಾರದು. "ನಾನೇ ಫೀಸ್ ಕೊಡೋದು, ಹೇಳೋಕೇನಮ್ಮ?" ಅಂತ ಜೋರು ಮಾಡಬೇಕು. ಆಗಲೂ ದನಿ ಏರಿಸದೆ ಅದೇ ಉತ್ತರ ಕೊಟ್ಟವರನ್ನು ತೆಗೆದುಕೊಳ್ಳಿ. ಟೈಪಿಂಗ್ ನಿಧಾನವಾದರೂ ಪರವಾಗಿಲ್ಲ, ಅದನ್ನು ಆಮೇಲೆ ಕಲಿಸಬಹುದು.